ಅಜ್ಜಿ ಪೆಟ್ಟಿಗೆಯ ಬೆಳ್ಳಿ ರೂಪಾಯಿ: ಮಾರುವ ಮುಂಚೆ ಬೆಲೆ ಕಟ್ಟುವುದು ಹೇಗೆ

ಹೋದ ವರ್ಷ ಚಿಕ್ಕಮ್ಮ ಒಂದು ಹಿತ್ತಾಳೆ ಡಬ್ಬಿ ತಂದು ನನ್ನ ಮುಂದೆ ಇಟ್ಟರು. ಒಳಗೆ 43 ರೂಪಾಯಿ ನಾಣ್ಯ ಇದ್ದವು. ಎಲ್ಲಾ ಬ್ರಿಟಿಷರ ಕಾಲದವು. ಅರಿಶಿನ ಕುಂಕುಮದ ಗುರುತು ಇನ್ನೂ ಹೋಗಿರಲಿಲ್ಲ, ಅಜ್ಜಿ ಪ್ರತಿ ದೀಪಾವಳಿಗೆ ಲಕ್ಷ್ಮಿ ಪೂಜೆಗೆ ಇಡುತ್ತಿದ್ದ ದುಡ್ಡು ಅದು. ಊರಿನ ಬೆಳ್ಳಿ ಅಂಗಡಿಯವರು "ಒಂದಕ್ಕೆ 700ರಂತೆ ಎಲ್ಲಾ ಕೊಟ್ಟುಬಿಡಿ" ಅಂದಿದ್ದರಂತೆ. ಚಿಕ್ಕಮ್ಮನ ಮಗ ಮಾತ್ರ ಅಮೆರಿಕದಿಂದ ಫೋನ್ ಮಾಡಿ "ಅಮ್ಮಾ, ಒಂದೊಂದೂ ಲಕ್ಷ ಬಾಳುತ್ತೆ, ವಿಡಿಯೊ ನೋಡಿದ್ದೀನಿ" ಅಂತ ಹೇಳಿದ್ದ. ಇಬ್ಬರ ಮಾತೂ ಸರಿ ಇರಲಿಲ್ಲ. ಎರಡು ದಿನ ಕೂತು ನಾವೇ ಲೆಕ್ಕ ಹಾಕಿದೆವು. ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇರಬಹುದು ಅಂತ ಆ ಲೆಕ್ಕವನ್ನೇ ಇಲ್ಲಿ ಹೇಳುತ್ತಿದ್ದೇನೆ.

ಶುರು ಮಾಡುವ ಮುಂಚೆ ಒಂದು ವಿಷಯ. ದಯವಿಟ್ಟು ತೊಳೆಯಬೇಡಿ. ಹುಣಸೆಹಣ್ಣು ಬೇಡ, ಪಾತ್ರೆ ತೊಳೆಯುವ ಪುಡಿ ಬೇಡ, ಟೂತ್‌ಪೇಸ್ಟ್ ಬೇಡ, ವಿಭೂತಿಯೂ ಬೇಡ. ಬೆಳ್ಳಿ ಕಪ್ಪಾಗಿದ್ದರೆ ಅದು ಕೊಳೆ ಅಲ್ಲ. ಸಂಗ್ರಾಹಕರು ಆ ಬಣ್ಣ ನೋಡಿಯೇ ನಾಣ್ಯವನ್ನು ಯಾರೂ ಮುಟ್ಟಿಲ್ಲ ಅಂತ ನಂಬುತ್ತಾರೆ. ಉಜ್ಜಿದ ನಾಣ್ಯದ ಮೇಲೆ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೆ ಕಾಣುತ್ತವೆ. ದೀಪದ ಕೆಳಗೆ ಓರೆಯಾಗಿ ಹಿಡಿದರೆ ಸಾಕು, ತಿಳಿದವರಿಗೆ ಒಂದು ಕ್ಷಣದಲ್ಲಿ ಗೊತ್ತಾಗುತ್ತೆ. ಅಲ್ಲಿಗೆ ಸಂಗ್ರಹದ ಬೆಲೆ ಹೋಗಿ ಬೆಳ್ಳಿ ಬೆಲೆಗೆ ಇಳಿಯುತ್ತೆ. ನಮ್ಮ ಡಬ್ಬಿಯಲ್ಲೂ ಎಷ್ಟೋ ನಾಣ್ಯ ಹೀಗೆ ಹಬ್ಬದ ಹಿಂದಿನ ದಿನ ಪಳಪಳ ಹೊಳೆದು ಹಾಳಾದವು. ಕೈಯಲ್ಲಿ ಹಿಡಿಯುವಾಗಲೂ ಅಂಚಿನಲ್ಲಿ ಹಿಡಿಯಿರಿ, ಮುಖದ ಮೇಲೆ ಬೆರಳು ಒತ್ತಬೇಡಿ.

ಮೊದಲು ಬೆಳ್ಳಿಯ ಲೆಕ್ಕ

ಯಾವ ನಾಣ್ಯವೂ ಇದಕ್ಕಿಂತ ಕೆಳಗೆ ಹೋಗಬಾರದು ಅನ್ನುವ ಒಂದು ಬೆಲೆ ಇರುತ್ತೆ. ಅದು ಒಳಗಿರುವ ಬೆಳ್ಳಿಯ ಬೆಲೆ. ಅದನ್ನು ಮೊದಲು ಹಿಡಿದರೆ ಯಾರೂ ನಿಮ್ಮನ್ನು ಅರ್ಧ ಬೆಲೆಗೆ ಒಪ್ಪಿಸಲು ಆಗಲ್ಲ.

1835ರಿಂದ 1939ರವರೆಗಿನ ರೂಪಾಯಿ ನಾಣ್ಯ 11.66 ಗ್ರಾಂ ತೂಗುತ್ತೆ. ಹಿಂದಿನ ಲೆಕ್ಕದಲ್ಲಿ ಸರಿಯಾಗಿ ಒಂದು ತೊಲ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದರೆ ನೂರಕ್ಕೆ 91.7. ಶುದ್ಧ ಬೆಳ್ಳಿ ಸುಮಾರು 10.7 ಗ್ರಾಂ ಆಯಿತು. 1940ರಿಂದ 1945ರ ರೂಪಾಯಿಯಲ್ಲಿ ತೂಕ ಅಷ್ಟೇ, ಆದರೆ ಬೆಳ್ಳಿ ಅರ್ಧಕ್ಕೆ ಇಳಿಯಿತು, ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಳ್ಳಿಗೆ ಅಷ್ಟು ತಾಪತ್ರಯ ಇತ್ತು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್, ಹಿಂದೆ ಹುಲಿಯ ಚಿತ್ರ ಇರುತ್ತೆ. ನೋಡಲು ಎಲ್ಲಾ ಬೆಳ್ಳಗೇ ಇರುವುದರಿಂದ ಗೊಂದಲ ಆಗುತ್ತೆ. ಒಂದು ಅಯಸ್ಕಾಂತ ಹತ್ತಿರ ಹಿಡಿಯಿರಿ. ನಿಕ್ಕಲ್ ಅಂಟಿಕೊಳ್ಳುತ್ತೆ, ಬೆಳ್ಳಿ ಅಂಟಲ್ಲ.

ನಾವು ಇಸವಿ ನೋಡಿ ಗುಂಪು ಮಾಡಿದೆವು. ಹುಲಿ ನಾಣ್ಯ ಒಂದು. 1940ರಿಂದೀಚಿನವು 7. ಉಳಿದ 35 ಪೂರ್ತಿ ಬೆಳ್ಳಿಯವು. ಸವೆದಿದ್ದರಿಂದ ಒಂದೊಂದೂ 11.66 ತೂಗಲಿಲ್ಲ, ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ಆ 35ಕ್ಕೆ ಒಟ್ಟು 402.5 ಗ್ರಾಂ ಬಂತು. 0.917ರಿಂದ ಗುಣಿಸಿದರೆ ಸುಮಾರು 369 ಗ್ರಾಂ ಶುದ್ಧ ಬೆಳ್ಳಿ. ಆಗ ದರ ಗ್ರಾಂಗೆ ಹತ್ತಿರ ಹತ್ತಿರ 100 ರೂಪಾಯಿ ಇತ್ತು, ಅಂದರೆ 36,900. ಅರ್ಧ ಬೆಳ್ಳಿಯ 7 ನಾಣ್ಯ 81.2 ಗ್ರಾಂ, ಅದರಲ್ಲಿ ಅರ್ಧ 40.6 ಗ್ರಾಂ, ಅಂದರೆ 4,060. ಒಟ್ಟು 41,000ದ ಹತ್ತಿರ. ಅಂಗಡಿಯವರು 43ಕ್ಕೆ 700ರಂತೆ ಹೇಳಿದ್ದು 30,100. ಬರಿ ಕರಗಿಸುವ ಲೆಕ್ಕದಲ್ಲೇ ಹನ್ನೊಂದು ಸಾವಿರದಷ್ಟು ಕಡಿಮೆ. ಕರಗಿಸುವ ಖರ್ಚು, ಅವರ ಲಾಭ ಅಂತ ಒಂದಿಷ್ಟು ಬಿಡಬೇಕು ನಿಜ, ಆದರೆ ಕಾಲು ಭಾಗ ಬಿಡಬೇಕಾಗಿಲ್ಲ. ನೀವು ಲೆಕ್ಕ ಹಾಕುವಾಗ ನಿಮ್ಮ ದಿನದ ದರ ಹಾಕಿಕೊಳ್ಳಿ, ಬೆಳ್ಳಿ ದರ ತುಂಬಾ ಏರಿಳಿಯುತ್ತೆ.

ಇನ್ನೊಂದು ಎಚ್ಚರ. ಅಂಗಡಿಯಲ್ಲಿ "ತೊಲಕ್ಕೆ ಇಷ್ಟು" ಅಂದರೆ ಯಾವ ತೊಲ ಅಂತ ಕೇಳಿ. ಈಗ ಬಹಳ ಕಡೆ ತೊಲ ಅಂದರೆ 10 ಗ್ರಾಂ ಅಂತಲೇ ಲೆಕ್ಕ. ನಿಮ್ಮ ನಾಣ್ಯ ಹಳೇ ತೊಲದ್ದು. ಗ್ರಾಂ ಲೆಕ್ಕದಲ್ಲೇ ಮಾತಾಡಿ, ಆಗ ಅಲ್ಲಿ ಏನೂ ಕಳೆದುಹೋಗಲ್ಲ.

ಹಳೇದು ಅಂದಮಾತ್ರಕ್ಕೆ ಅಪರೂಪ ಅಲ್ಲ

ಇಲ್ಲೇ ಎಲ್ಲರೂ ತಪ್ಪುವುದು. ಡಬ್ಬಿಯಲ್ಲಿ 1840ರ ನಾಣ್ಯ ಸಿಕ್ಕಿದ ತಕ್ಷಣ ಎದೆ ಡವಗುಟ್ಟುತ್ತೆ, ಸುಮಾರು ಇನ್ನೂರು ವರ್ಷದ್ದು ಅಲ್ವಾ ಅಂತ. ಆದರೆ ಈಸ್ಟ್ ಇಂಡಿಯಾ ಕಂಪನಿ ಅಂತ ಬರೆದಿರುವ ಆ 1840ರ ರೂಪಾಯಿ ಈಗಲೂ ಯಾವ ನಾಣ್ಯ ಪ್ರದರ್ಶನಕ್ಕೆ ಹೋದರೂ ಸಿಗುತ್ತೆ. 1862ರದ್ದು ಇನ್ನೂ ಜಾಸ್ತಿ. ಅದಕ್ಕೆ ಒಂದು ಕಾರಣ ಇದೆ. 1862ರಲ್ಲಿ ಹೊಸ ಅಚ್ಚು ಬಂದ ಮೇಲೆ 1874ರವರೆಗೂ ಇಸವಿ ಬದಲಾಯಿಸದೆ ಅದೇ 1862 ಅಂತ ಹೊಡೆಯುತ್ತಲೇ ಹೋದರು. ಹನ್ನೆರಡು ವರ್ಷದ ನಾಣ್ಯಕ್ಕೆ ಒಂದೇ ಇಸವಿ.

ಈಗ ಇದಕ್ಕೆ ತದ್ವಿರುದ್ಧದ ಉದಾಹರಣೆ ನೋಡಿ. ಆರನೇ ಜಾರ್ಜ್‌ನ 1939ರ ರೂಪಾಯಿ. 1840ರದಕ್ಕಿಂತ ಒಂದು ಶತಮಾನ ಚಿಕ್ಕದು. ಹೊಡೆದದ್ದು ಕಡಿಮೆ, ಅದರಲ್ಲೂ ಬಹುಪಾಲು ಕರಗಿಹೋಯಿತು, ಹಾಗಾಗಿ ಬ್ರಿಟಿಷ್ ಇಂಡಿಯಾ ರೂಪಾಯಿಗಳಲ್ಲೇ ಅತಿ ಅಪರೂಪದವುಗಳಲ್ಲಿ ಅದು ಒಂದು. ಇದು ಎಲ್ಲರಿಗೂ ಗೊತ್ತಿರುವುದರಿಂದಲೇ ಅದರ ನಕಲಿಗಳೂ ಬೇಕಾದಷ್ಟು. 1938ರ ನಾಣ್ಯದ ಕೊನೆಯ ಅಂಕಿಯನ್ನು ಕೆತ್ತಿ 9 ಮಾಡಿದ್ದೂ ಬರುತ್ತೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು ಆ ಅಂಕಿಯ ಸುತ್ತ ನೋಡಿ. ಅಲ್ಲಿ ಮಾತ್ರ ಗೀರು, ಹಳ್ಳ, ಬಣ್ಣದ ವ್ಯತ್ಯಾಸ ಕಂಡರೆ ಕೈ ಬಿಡಿ. ಮನೆಯ ಡಬ್ಬಿಯಲ್ಲಿ 1939 ಕಂಡರೆ ಖುಷಿ ಪಡುವ ಮುಂಚೆ ಅನುಮಾನ ಪಡಿ.

ನಮ್ಮ 35ರಲ್ಲಿ ವಿಕ್ಟೋರಿಯಾ ರಾಣಿಯವು 14, ಏಳನೇ ಎಡ್ವರ್ಡ್‌ನವು 6, ಐದನೇ ಜಾರ್ಜ್‌ನವು 14, ಆರನೇ ಜಾರ್ಜ್‌ನ 1938ರದ್ದು ಒಂದು. ಒಂದು ನೋಟ್‌ಬುಕ್ಕಿನಲ್ಲಿ ಇಸವಿ, ಟಂಕಸಾಲೆ, ತೂಕ ಬರೆಯುತ್ತಾ ಹೋದೆವು. ಟಂಕಸಾಲೆ ಗುರುತು ಹುಡುಕುವುದಕ್ಕೆ ತಾಳ್ಮೆ ಬೇಕು. ಐದನೇ ಜಾರ್ಜ್‌ನ ರೂಪಾಯಿಯ ಹಿಂಬದಿಯಲ್ಲಿ ಕೆಳಗಿನ ಹೂವಿನ ಹತ್ತಿರ ಉಬ್ಬಿದ ಸಣ್ಣ ಚುಕ್ಕೆ ಇದ್ದರೆ ಬಾಂಬೆ, ಇಲ್ಲದಿದ್ದರೆ ಕಲ್ಕತ್ತಾ. ಒಂದೇ ಇಸವಿಯಲ್ಲಿ ಒಂದು ಟಂಕಸಾಲೆಯದ್ದು ರಾಶಿ ಸಿಕ್ಕಿ, ಇನ್ನೊಂದರದ್ದು ಅಪರೂಪ ಆಗಿರಬಹುದು, ಅದಕ್ಕೇ ಈ ಚುಕ್ಕೆಗೆ ಬೆಲೆ. 1862ರ ನಾಣ್ಯಗಳಲ್ಲಿ ಇಸವಿಯ ಕೆಳಗೆ ಪುಟ್ಟ ಪುಟ್ಟ ಚುಕ್ಕೆಗಳಿದ್ದರೆ ಎಣಿಸಿ ಬರೆದಿಡಿ. ಆ ಚುಕ್ಕೆಗಳ ಲೆಕ್ಕದ ಮೇಲೇ ಸಂಗ್ರಹ ಮಾಡುವವರಿದ್ದಾರೆ.

ಹೀಗೆ ಬರೆಯುತ್ತಾ ಹೋದಾಗ ಐದನೇ ಜಾರ್ಜ್‌ನ ಗುಂಪಿನಲ್ಲಿ 1911ರದ್ದು ಒಂದು ಸಿಕ್ಕಿತು. ಇದರ ಕತೆ ಹೇಳಲೇಬೇಕು. ರಾಜನ ಎದೆಯ ಮೇಲಿನ ಹಾರದಲ್ಲಿ ಒಂದು ಪುಟ್ಟ ಆನೆ ಇದೆ. 1911ರ ಅಚ್ಚಿನಲ್ಲಿ ಅದರ ಸೊಂಡಿಲು ಚಿಕ್ಕದಾಗಿ ಬಂದು, ಜನರಿಗೆ ಹಂದಿಯ ಥರ ಕಂಡಿತು. ಮುಸ್ಲಿಮರು ತುಂಬಾ ಬೇಸರ ಪಟ್ಟರು. ಸರ್ಕಾರ ನಾಣ್ಯ ಹಂಚುವುದನ್ನು ನಿಲ್ಲಿಸಿತು. ಹೊಡೆದದ್ದು ಸುಮಾರು 94 ಲಕ್ಷ, ಹೊರಗೆ ಹೋಗಿದ್ದು 7 ಲಕ್ಷದಷ್ಟು, ಉಳಿದದ್ದು ಕರಗಿಸಿದರು. 1912ರಿಂದ ಆನೆಗೆ ಸರಿಯಾದ ಸೊಂಡಿಲು ಬಂತು. ಇವತ್ತಿಗೂ ಸಂಗ್ರಾಹಕರು ಇದನ್ನು ಪಿಗ್ ರುಪಿ ಅಂತಲೇ ಕರೆಯುತ್ತಾರೆ. ಸವೆದ ನಾಣ್ಯದಲ್ಲಿ ಆನೆಯೇ ಕಾಣಲ್ಲ, ಪರವಾಗಿಲ್ಲ, 1911 ಅಂತ ಇಸವಿ ಓದಲು ಬಂದರೆ ಸಾಕು. ಇದೇ ಗುಂಪಿನಲ್ಲಿ 1921, 1922 ಕಂಡರೆ ಅವನ್ನೂ ಪಕ್ಕಕ್ಕಿಡಿ, 1912ರಿಂದ 1920ರವರೆಗಿನಷ್ಟು ಸುಲಭಕ್ಕೆ ಅವು ಸಿಗಲ್ಲ.

ಸ್ಥಿತಿ ಅಳೆಯುವುದು

ಅಂಗಡಿಯಲ್ಲಿ ಗ್ರೇಡ್ ಅನ್ನುವುದು ಇದಕ್ಕೇ. ಫೈನ್, ವೆರಿ ಫೈನ್, ಎಕ್ಸ್‌ಟ್ರಾ ಫೈನ್, ಯುಎನ್‌ಸಿ ಅಂತ ಹೆಸರು ಇಡುತ್ತಾರೆ. ಯುಎನ್‌ಸಿ ಅಂದರೆ ಕೈಯಿಂದ ಕೈಗೆ ಓಡಾಡದೇ ಇದ್ದದ್ದು. ಈ ಹೆಸರುಗಳನ್ನು ಬಾಯಿಪಾಠ ಮಾಡುವುದು ಬೇಡ. ನಾಣ್ಯದ ಅತಿ ಎತ್ತರದ ಜಾಗ ಎಷ್ಟು ಸವೆದಿದೆ ಅಂತ ನೋಡುವುದು ಕಲಿಯಿರಿ, ಮಿಕ್ಕಿದ್ದು ತಾನೇ ಬರುತ್ತೆ.

ರಾಣಿಯ ನಾಣ್ಯದಲ್ಲಿ ಮೊದಲು ಸವೆಯುವುದು ಕೆನ್ನೆ ಮತ್ತು ಕಿವಿಯ ಮೇಲಿನ ಕೂದಲು. ಕೂದಲಿನ ಎಳೆ ಎಳೆ ಬೇರೆ ಬೇರೆ ಕಾಣುತ್ತಾ? 1862ರಿಂದೀಚಿನದಾದರೆ ಉಡುಪಿನ ಮೇಲಿನ ಹೂವಿನ ಕಸೂತಿ ಉಳಿದಿದೆಯಾ? ಎರಡೂ ಇದ್ದರೆ ಒಳ್ಳೆ ನಾಣ್ಯ. ಕೂದಲು ಒಂದು ನುಣುಪು ಗುಡ್ಡೆಯ ಹಾಗೆ ಕಂಡರೆ ಸಾಧಾರಣ. ಎಡ್ವರ್ಡ್ ರಾಜನಿಗೆ ಕಿರೀಟ ಇಲ್ಲ, ಅಲ್ಲಿ ಕಿವಿಯ ಹತ್ತಿರದ ಕೂದಲು ಮತ್ತು ಗಡ್ಡ ನೋಡಿ. ಐದನೇ ಜಾರ್ಜ್‌ನಲ್ಲಿ ಕಿರೀಟದ ಮುತ್ತುಗಳು, ಹುಬ್ಬು, ಆಮೇಲೆ ಆ ಆನೆ.

ಹೊಳಪು ಬೇರೆ ವಿಷಯ. ಟಂಕಸಾಲೆಯಿಂದ ಬಂದ ಹೊಳಪಿದ್ದರೆ, ದೀಪದ ಕೆಳಗೆ ನಾಣ್ಯ ತಿರುಗಿಸಿದಾಗ ಬೆಳಕು ಚಕ್ರದ ಕಡ್ಡಿಗಳ ಹಾಗೆ ಸುತ್ತುತ್ತೆ. ಉಜ್ಜಿದ ಹೊಳಪು ಸುತ್ತಲ್ಲ, ಸುಮ್ನೆ ಎಲ್ಲಾ ಕಡೆ ಒಂದೇ ಥರ ಮಿಂಚುತ್ತೆ. ಇದನ್ನು ಒಂದು ಸಲ ಕಣ್ಣಾರೆ ನೋಡಿದರೆ ಮತ್ತೆ ಮರೆಯಲ್ಲ. ನಮ್ಮ ಡಬ್ಬಿಯ ತಳದಲ್ಲಿ ಒಂದು ಹಳದಿ ಕಾಗದದ ಪೊಟ್ಟಣದಲ್ಲಿ 1918ರ ರೂಪಾಯಿ ಇತ್ತು. ಅಜ್ಜಿ ಅದನ್ನು ಬಿಚ್ಚಿರಲೇ ಇಲ್ಲ ಅನ್ನಿಸುತ್ತೆ. ಹುಬ್ಬಿನ ಕೂದಲೂ ಕಾಣುತ್ತಿತ್ತು, ಬೆಳಕು ಸುತ್ತುತ್ತಿತ್ತು. 1918ರ ರೂಪಾಯಿ ಇಸವಿಯ ಲೆಕ್ಕದಲ್ಲಿ ಏನೂ ಅಪರೂಪ ಅಲ್ಲ. ಆದರೆ ಈ ಸ್ಥಿತಿಯಲ್ಲಿ ಬೇಕು ಅನ್ನುವವರು ಇದ್ದಾರೆ.

ಆಮೇಲೆ ಬೆಸುಗೆ. ನಮ್ಮ ಕಡೆ ಬೆಳ್ಳಿ ರೂಪಾಯಿಯನ್ನು ಸರಕ್ಕೆ ಪೋಣಿಸುತ್ತಿದ್ದರು, ಹಾಗಾಗಿ ಅಂಚಿನಲ್ಲಿ ಕೊಂಡಿ ಕೂರಿಸಿ ತೆಗೆದ ಗುರುತು ತುಂಬಾ ನಾಣ್ಯಗಳಲ್ಲಿ ಇರುತ್ತೆ. ಅಂಚನ್ನು ಸುತ್ತ ತಿರುಗಿಸಿ ನೋಡಿ, ಹಲ್ಲುಹಲ್ಲಾದ ಗೆರೆಗಳು ಒಂದು ಕಡೆ ಕರಗಿ ನುಣುಪಾಗಿದ್ದರೆ ಅಲ್ಲಿ ಬೆಸುಗೆ ಇತ್ತು. ತೂತು ಇದ್ದರಂತೂ ಹೇಳುವುದೇ ಬೇಡ. ಇಸವಿ ತೀರಾ ಅಪರೂಪದ್ದಲ್ಲದಿದ್ದರೆ ಇವು ಬೆಳ್ಳಿ ಬೆಲೆಗೇ. ನಮ್ಮಲ್ಲಿ ಹೀಗೆ 4 ಇದ್ದವು. ಅದರಲ್ಲಿ ಒಂದು, ರಾಣಿಯ ಮುಖ ಅಷ್ಟು ಚೆನ್ನಾಗಿದ್ದ ನಾಣ್ಯ. ಚಿಕ್ಕಮ್ಮ ಅದನ್ನು ಎರಡು ಸಲ ಕೈಗೆತ್ತಿಕೊಂಡು ಕೆಳಗಿಟ್ಟರು.

ಅಸಲಿಯಾ ಅಂತ ನೋಡುವುದೂ ಇದೇ ಹೊತ್ತಿಗೆ ಆಗಿಬಿಡಲಿ. ಅಗಲ ಸುಮಾರು 30.5 ಮಿಲಿಮೀಟರ್ ಇರಬೇಕು. ಸವೆತ ಇಲ್ಲದ ನಾಣ್ಯ 11 ಗ್ರಾಂಗಿಂತ ಕಡಿಮೆ ತೂಗಿದರೆ ಅನುಮಾನ. ಅಚ್ಚಿಗೆ ಎರಕ ಹೊಯ್ದ ನಕಲಿಯಲ್ಲಿ ಅಕ್ಷರಗಳ ಅಂಚು ಮೊಂಡಾಗಿ, ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳು, ಅಂಚಿನಲ್ಲಿ ಎರಡು ಭಾಗ ಕೂಡಿದ ಗೆರೆ ಕಾಣುತ್ತೆ.

ಬೇಡಿಕೆಯನ್ನು ಎಲ್ಲಿ ನೋಡುವುದು

ಅಪರೂಪ ಆಯಿತು, ಸ್ಥಿತಿ ಆಯಿತು. ಆದರೂ ಕೊಳ್ಳುವವರು ಇಲ್ಲದಿದ್ದರೆ ಬೆಲೆ ಇಲ್ಲ. ಬ್ರಿಟಿಷ್ ಇಂಡಿಯಾ ರೂಪಾಯಿಯ ಸಂಗ್ರಾಹಕರು ಹೆಚ್ಚಿನವರು ಇಸವಿಯ ಪಟ್ಟಿ ಇಟ್ಟುಕೊಂಡು ಒಂದೊಂದೇ ಜಾಗ ತುಂಬುತ್ತಾ ಹೋಗುವವರು. ಸುಲಭದ ಇಸವಿಗಳನ್ನು ಶುರುವಿನಲ್ಲೇ ತುಂಬಿಕೊಂಡಿರುತ್ತಾರೆ. ಅವರಿಗೆ ಬೇಕಾಗಿರುವುದು ಎರಡೇ: ಸಿಗದ ಇಸವಿ, ಇಲ್ಲಾ ಈಗಾಗಲೇ ಇರುವುದಕ್ಕಿಂತ ಚೆನ್ನಾಗಿರುವ ನಾಣ್ಯ. ನಿಮ್ಮ ಸವೆದ 1906 ಇವೆರಡರಲ್ಲಿ ಯಾವುದೂ ಅಲ್ಲ. ಅದಕ್ಕೇ ಅದು ಬೆಳ್ಳಿ ಬೆಲೆಯ ಆಸುಪಾಸಿನಲ್ಲೇ ನಿಲ್ಲುತ್ತೆ. ನನಗೂ ಇದು ಅರ್ಥವಾಗಲು ಬಹಳ ದಿನ ಹಿಡಿಯಿತು.

ಬೆಲೆ ಹುಡುಕುವಾಗ, ಕೇಳುತ್ತಿರುವ ಬೆಲೆಯನ್ನು ನೋಡಲೇಬೇಡಿ. ಯಾರು ಬೇಕಾದರೂ ಒಂದು ನಾಣ್ಯದ ಫೋಟೊ ಹಾಕಿ ಐದು ಲಕ್ಷ ಅಂತ ಬರೆಯಬಹುದು, ಅದು ಅಲ್ಲೇ ವರ್ಷಗಟ್ಟಲೆ ಕೂತಿರುತ್ತೆ. ಮಾರಾಟ ಆಗಿ ಮುಗಿದ ಬೆಲೆ ಬೇಕು. ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈಯ ತೋಡಿವಾಲಾ ಥರದ ನಾಣ್ಯ ಹರಾಜು ನಡೆಸುವವರು ಹಿಂದಿನ ಹರಾಜುಗಳ ಕ್ಯಾಟಲಾಗನ್ನೂ ಬಂದ ಬೆಲೆಯನ್ನೂ ಆನ್‌ಲೈನ್‌ನಲ್ಲಿ ಇಡುತ್ತಾರೆ. ಅಲ್ಲಿ ನಿಮ್ಮದೇ ಇಸವಿ, ನಿಮ್ಮದೇ ಟಂಕಸಾಲೆ, ನಿಮ್ಮದೇ ಸ್ಥಿತಿಯ ನಾಲ್ಕೈದು ನಾಣ್ಯ ಹುಡುಕಿ.

ಲೆಕ್ಕದ ರೀತಿ ತೋರಿಸಲು ಅಂಕಿ ಇಟ್ಟುಕೊಳ್ಳೋಣ. 1918ರದ್ದಕ್ಕೆ ಐದು ಬೆಲೆ ಸಿಕ್ಕಿತು ಅನ್ನಿ: 1,900, 2,100, 2,200, 2,300, 4,800. ಸರಾಸರಿ ತೆಗೆಯಬೇಡಿ. 4,800ರದ್ದು ಬಹುಶಃ ಗ್ರೇಡ್ ಮಾಡುವ ಕಂಪನಿಗಳಾದ ಎನ್‌ಜಿಸಿ ಅಥವಾ ಪಿಸಿಜಿಎಸ್‌ನವರು ಗ್ರೇಡ್ ಮಾಡಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಕೊಟ್ಟ ನಾಣ್ಯ, ಅದು ನಿಮ್ಮದಲ್ಲ. ಮಧ್ಯದ 2,200 ಹಿಡಿಯಿರಿ. ಕ್ಯಾಟಲಾಗಿನ ಬೆಲೆಯಲ್ಲಿ ಕೊಂಡವರು ಹರಾಜಿನವರಿಗೆ ಕೊಡುವ ಪ್ರೀಮಿಯಂ ಸೇರಿದೆಯಾ ಅಂತ ನೋಡಿ, ಸೇರಿದ್ದರೆ ಕಳೆಯಿರಿ. ಮಾರುವವರ ಕಮಿಷನ್ ಬೇರೆ ಇರುತ್ತೆ. ನೂರಕ್ಕೆ 15 ಅಂತ ಇಟ್ಟುಕೊಂಡರೂ ಕೈಗೆ ಬರುವುದು 1,870. ಹಾಗಾಗಿ ಒಬ್ಬ ಡೀಲರ್ ಅದೇ ದಿನ ಕೈಗೆ 1,600 ಕೊಟ್ಟರೆ ಅದು ಮೋಸ ಅಲ್ಲ, ಅವರೂ ಮಾರಬೇಕಲ್ವಾ. ಗ್ರಾಂಗೆ 100ರ ದರದಲ್ಲಿ 1,100 ಅಂದರೆ ಬೆಳ್ಳಿ ಬೆಲೆಗೇ ಕೇಳುತ್ತಿದ್ದಾರೆ ಅಂತ ಅರ್ಥ, ಡಬ್ಬಿ ಮುಚ್ಚಿ ಎದ್ದು ಬನ್ನಿ.

"ನಾವೂ ಗ್ರೇಡ್ ಮಾಡಿಸೋಣ್ವಾ?" ಅಂತ ಚಿಕ್ಕಮ್ಮ ಕೇಳಿದರು. ಈ ಬೆಲೆಯ ನಾಣ್ಯಕ್ಕೆ ಬೇಡ ಅಂದೆ. ಶುಲ್ಕ, ಕಳಿಸುವ ಖರ್ಚು, ಕಾಯುವುದು ಎಲ್ಲಾ ಸೇರಿ ಸಿಗುವ ಲಾಭವನ್ನು ತಿಂದುಹಾಕುತ್ತೆ. ಹತ್ತಾರು ಸಾವಿರ ಬಾಳುವ ನಾಣ್ಯ, ಅದರಲ್ಲೂ ನಕಲಿ ಜಾಸ್ತಿ ಇರುವ ಇಸವಿ ಆದರೆ ಮಾತ್ರ ಮಾಡಿಸಬೇಕು.

ಕೊನೆಗೆ ಗುಂಪು ಮಾಡಿ ಮಾರುವುದು

43ರಲ್ಲಿ ನಾವು ಬೇರೆ ತೆಗೆದದ್ದು ಐದೇ ಐದು: 1911, ಪೊಟ್ಟಣದ 1918, ಚುಕ್ಕೆಗಳಿದ್ದ ಎರಡು 1862, ಮತ್ತೆ 1938. ಈ ಐದಕ್ಕೆ ಮಾತ್ರ ಫೋಟೊ ತೆಗೆದು, ಎರಡೂ ಮುಖ ಮತ್ತು ಅಂಚು ಸೇರಿಸಿ, ಮೂವರು ಡೀಲರುಗಳನ್ನು ಕೇಳಿದೆವು. ಮಿಕ್ಕಿದ್ದು ತೂಕದ ಲೆಕ್ಕ. ಎಲ್ಲವನ್ನೂ ಒಟ್ಟಿಗೆ ತೋರಿಸಬೇಡಿ ಅನ್ನುವುದು ನನ್ನ ಅಭಿಪ್ರಾಯ. ಒಟ್ಟು ಬೆಲೆ ಮಾತಾಡಿದರೆ ಆ ಐದು ನಾಣ್ಯ ರಾಶಿಯ ದರದಲ್ಲೇ ಹೋಗಿಬಿಡುತ್ತವೆ. ಹಾಗೇ ಐದನ್ನು ಮಾತ್ರ ಆರಿಸಿಕೊಂಡು ಉಳಿದದ್ದು ಬೇಡ ಅನ್ನುವ ಡೀಲರ್ ಬಗ್ಗೆ ಬೇಸರ ಬೇಡ, ಉಳಿದದ್ದಕ್ಕೆ ಬೆಳ್ಳಿ ಅಂಗಡಿ ಇದೆ.

ಡಬ್ಬಿಯಲ್ಲಿ ಆನೆ ಇರುವ ತಾಮ್ರದ ಕಾಸು, ಮೈಸೂರು ಒಡೆಯರ ಕಾಲದ ಪುಟ್ಟ ನಾಣ್ಯಗಳು ಏನಾದರೂ ಸಿಕ್ಕರೆ ಈ ಲೆಕ್ಕ ಅದಕ್ಕೆ ನಡೆಯಲ್ಲ. ಅಲ್ಲಿ ಬೆಳ್ಳಿಯ ತೂಕದಿಂದ ಬೆಲೆ ತಿಳಿಯಲ್ಲ, ಯಾವ ನಾಣ್ಯ ಅಂತ ಗುರುತಿಸುವುದರ ಮೇಲೆ ನಿಂತಿದೆ. ಅವನ್ನು ಬೇರೆ ಪೊಟ್ಟಣದಲ್ಲಿಟ್ಟು ಆ ಭಾಗ ಬಲ್ಲವರಿಗೇ ತೋರಿಸಿ. ನೆಲ ಅಗೆಯುವಾಗ ಸಿಕ್ಕ ನಾಣ್ಯ ಆದರೆ ಮಾರುವ ಮಾತೇ ಬೇಡ, ನಿಧಿ ಕಾಯ್ದೆ ಪ್ರಕಾರ ಅದನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು.

ಚಿಕ್ಕಮ್ಮನ ಮಗ "ನನಗೇ ಕಳಿಸಿ, ಇಲ್ಲಿ ಇಬೇನಲ್ಲಿ ಡಾಲರಿಗೆ ಮಾರ್ತೀನಿ" ಅಂದ. ಆಗಲ್ಲ ಅಂತ ಹೇಳಿದೆವು. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ಅದನ್ನು ನಾವು ನೀವು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಸೂಟ್‌ಕೇಸಿನಲ್ಲಿ ಸುಮ್ನೆ ಇಟ್ಟುಕೊಂಡು ಹೋಗುವುದೂ ತಪ್ಪೇ.

ಇನ್ನು, ಫೋಟೊ ಹಾಕಿದ ಎರಡೇ ದಿನಕ್ಕೆ ಚಿಕ್ಕಮ್ಮನಿಗೆ ಒಂದು ಫೋನ್ ಬಂತು. 1911ರ ನಾಣ್ಯಕ್ಕೆ ಎಂಟು ಲಕ್ಷ ಕೊಡ್ತೀವಿ, ರಿಸರ್ವ್ ಬ್ಯಾಂಕಿನ ಅನುಮತಿಗೆ ಮೊದಲು 2,500 ಕಳಿಸಿ ಅಂತ. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಹಳೇ ನಾಣ್ಯ, ನೋಟು ಮಾರುವುದಕ್ಕೆ ತಾನು ಯಾವ ಶುಲ್ಕವನ್ನೂ ಕಮಿಷನ್ನನ್ನೂ ಕೇಳಲ್ಲ, ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ ಅಂತ. ಕೊಳ್ಳುವವರು ನಿಮಗೆ ದುಡ್ಡು ಕೊಡಬೇಕು, ನೀವು ಅವರಿಗಲ್ಲ. ಚಿಕ್ಕಮ್ಮ ಫೋನ್ ಇಟ್ಟು, ನೋಟ್‌ಬುಕ್ಕಿನಲ್ಲಿ 1911ರ ಸಾಲಿನ ಮುಂದೆ ಹರಾಜಿನಲ್ಲಿ ನಾವು ಕಂಡ ಬೆಲೆಯನ್ನು ಮತ್ತೊಂದು ಸಲ ಓದಿ, ಮಾರನೇ ದಿನ ಬೆಂಗಳೂರಿನ ಬಸ್ ಹತ್ತಿದರು.